ಹೆಸರಿಲ್ಲದ ರಿಮೋಟ್ ಯಾವ ಉಪಕರಣದ್ದು: ಗುಂಡಿ, ಕಿಟಕಿ ಮತ್ತು ಸೆಲ್ ಗೂಡಿನಿಂದ ಗುರುತಿಸುವ ಬಗೆ

ಕಂಪನಿಯ ಹೆಸರಿಲ್ಲದ, ಗುಂಡಿಗಳ ಮೇಲಿನ ಅಕ್ಷರಗಳೂ ಸವೆದುಹೋದ ರಿಮೋಟ್ ಒಂದು ಕೈಗೆ ಸಿಕ್ಕಾಗ ಅದು ಟಿವಿಯದೋ, ಸೆಟ್‌ಟಾಪ್ ಬಾಕ್ಸಿನದೋ, ಎಸಿಯದೋ ಎಂದು ತಿಳಿಯಲು ಮೂರು ಜಾಗಗಳನ್ನು ನೋಡಬೇಕು. ಗುಂಡಿಗಳ ಜೋಡಣೆ, ಕಣ್ಣಿಗೆ ಕಾಣದ ಅವಗೆಂಪು ಬೆಳಕು ಹೊರಬರುವ ಮುಂತುದಿಯ ಕಿಟಕಿ ಮತ್ತು ಹಿಂಬದಿಯ ಸೆಲ್ ಗೂಡು ಆ ಮೂರು ಜಾಗಗಳು. ಈ ಮೂರಕ್ಕೂ ಒಂದೇ ತೂಕವಿಲ್ಲ. ನನ್ನ ಅನುಭವದಲ್ಲಿ ಹೆಚ್ಚು ಹೇಳುವುದು ಗುಂಡಿಗಳ ಜೋಡಣೆಯೇ. ಸೆಲ್ ಗೂಡು ಕೆಲವು ಸಾಧ್ಯತೆಗಳನ್ನು ತಳ್ಳಿಹಾಕುತ್ತದೆ, ಕಿಟಕಿಯಿದ್ದರೆ ಕೊನೆಯ ಪರೀಕ್ಷೆಗೆ ದಾರಿಯಾಗುತ್ತದೆ.

ಗುಂಡಿಗಳನ್ನು ಓದುವಾಗ ಕೇಳಬೇಕಾದ ಪ್ರಶ್ನೆ, ಈ ಉಪಕರಣಕ್ಕೆ ಏನನ್ನು ತಿಳಿಸಬೇಕಿತ್ತು ಎಂಬುದು. ಟಿವಿಗೂ ಸೆಟ್‌ಟಾಪ್ ಬಾಕ್ಸಿಗೂ ನೂರಾರು ಚಾನೆಲ್‌ಗಳಲ್ಲಿ ಒಂದನ್ನು ಹೆಸರಿಸಬೇಕಾದ್ದರಿಂದ ಅವುಗಳ ರಿಮೋಟಿನಲ್ಲಿ ಸಾಮಾನ್ಯವಾಗಿ ಅಂಕಿಗಳ ಹತ್ತು ಗುಂಡಿಗಳೂ ಜೊತೆಗೆ ಇನ್ನೆರಡೂ ಸಾಲಿಗೆ ಮೂರರಂತೆ ನಾಲ್ಕು ಸಾಲುಗಳಲ್ಲಿ ಇರುತ್ತವೆ. ಡಿವಿಡಿ ಪ್ಲೇಯರ್ ರಿಮೋಟಿನಲ್ಲಿಯೂ ಅಂಕಿಗಳು ಇರಬಹುದಾದರೂ ಅಲ್ಲಿ ಪ್ಲೇ, ಸ್ಟಾಪ್, ಹಿಂದಕ್ಕೆ, ಮುಂದಕ್ಕೆ ಎಂಬ ಗುಂಡಿಗಳ ಗುಂಪು ದೊಡ್ಡದಾಗಿದ್ದು, ಡಿಸ್ಕಿನ ತಟ್ಟೆ ಹೊರಬರಲು ಮೂಲೆಯಲ್ಲೊಂದು ಗುಂಡಿ ಇರುತ್ತದೆ. ಸೀಲಿಂಗ್ ಫ್ಯಾನಿನ ರಿಮೋಟಿಗೆ ವೇಗ, ಟೈಮರ್ ಮತ್ತು ಸ್ವಿಚ್ ಬಿಟ್ಟರೆ ಹೇಳಬೇಕಾದದ್ದು ಹೆಚ್ಚಿಲ್ಲ, ಹಾಗಾಗಿ ಗುಂಡಿಗಳು ಕಡಿಮೆ.

ಎಸಿ ರಿಮೋಟ್ ಮಾತ್ರ ಬೇರೆಯೇ ತರ್ಕದ ಮೇಲೆ ನಿಂತಿದೆ, ಇದನ್ನು ಅರ್ಥಮಾಡಿಕೊಂಡರೆ ಅದರ ರೂಪ ತಾನಾಗಿ ಮನಸ್ಸಿಗೆ ಬರುತ್ತದೆ. ಟಿವಿ ರಿಮೋಟಿನ ಒಂದು ಒತ್ತು ಒಂದೇ ಆಜ್ಞೆಯನ್ನು ಕಳಿಸುತ್ತದೆ. ಧ್ವನಿಯನ್ನು ಒಂದು ಹೆಜ್ಜೆ ಏರಿಸು ಎಂದಷ್ಟೇ ಅದು ಹೇಳುತ್ತದೆ, ಈಗ ಧ್ವನಿ ಎಷ್ಟಿದೆ ಎಂಬುದು ಟಿವಿಗೆ ಗೊತ್ತಿರುತ್ತದೆ, ರಿಮೋಟಿಗಲ್ಲ. ಎಸಿ ರಿಮೋಟಾದರೋ ಸಾಮಾನ್ಯವಾಗಿ ತಾಪಮಾನ, ಮೋಡ್, ಫ್ಯಾನಿನ ವೇಗ, ಗಾಳಿಯ ದಿಕ್ಕು ಎಲ್ಲವನ್ನೂ ತನ್ನೊಳಗೇ ನೆನಪಿಟ್ಟುಕೊಂಡು, ಯಾವ ಗುಂಡಿ ಒತ್ತಿದರೂ ಆ ಇಡೀ ಸ್ಥಿತಿಯನ್ನು ಒಂದೇ ಉದ್ದನೆಯ ಸಂದೇಶವಾಗಿ ಕಳಿಸುತ್ತದೆ. ಆ ಸ್ಥಿತಿ ಬಳಸುವವರ ಕಣ್ಣಿಗೂ ಕಾಣಬೇಕಾದ್ದರಿಂದ ಮೇಲ್ಭಾಗದಲ್ಲಿ ಬೂದುಬಣ್ಣದ ಎಲ್‌ಸಿಡಿ ಪರದೆ, ಅದರ ಕೆಳಗೆ ತಾಪಮಾನದ ಏರಿಳಿತದ ಎರಡು ದೊಡ್ಡ ಗುಂಡಿಗಳು ಇರುತ್ತವೆ. ಎಸಿ ಪಕ್ಕದ ಕೋಣೆಯಲ್ಲಿದ್ದರೂ ಪರದೆಯ ಅಂಕಿ 24ರಿಂದ 23ಕ್ಕೆ ಇಳಿಯುತ್ತದೆಯೆಂದರೆ ರಿಮೋಟು ಎಸಿಯನ್ನು ಕೇಳಿ ಅದನ್ನು ತೋರಿಸುತ್ತಿಲ್ಲ. ಇಂಥ ಪರದೆ ಕೆಲವು ಹೀಟರ್‌ಗಳ ರಿಮೋಟಿನಲ್ಲೂ ಇರಬಹುದು, ಆದರೆ ಅಂಕಿಗಳ ಗುಂಡಿಗಳಿಲ್ಲದೆ ಪರದೆಯಿದ್ದರೆ ಮೊದಲ ಊಹೆ ಎಸಿ ಎಂದೇ ಇರಲಿ.

ಸೆಲ್ ಗೂಡಿನ ಮುಚ್ಚಳ ತೆಗೆದ ಕೂಡಲೇ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಿ. ಹೊರಗೆ ಏನೂ ಇಲ್ಲದ ರಿಮೋಟಿಗೂ ಅಲ್ಲಿ ಮಾದರಿ ಸಂಖ್ಯೆ ಅಚ್ಚಾಗಿರುವುದುಂಟು, ಸಿಕ್ಕಿತೆಂದರೆ ಕೆಲಸ ಅಲ್ಲಿಗೇ ಮುಗಿಯಿತು. ಸಿಗದಿದ್ದರೆ ಸೆಲ್ಲಿನ ಬಗೆಯೇ ಸುಳಿವು. ಎರಡು ಎಎಎ ಸೆಲ್‌ಗಳು, ಅಂದರೆ ಒಟ್ಟು 3 ವೋಲ್ಟ್, ಟಿವಿ, ಸೆಟ್‌ಟಾಪ್ ಬಾಕ್ಸ್, ಎಸಿ ಮೂರಕ್ಕೂ ಸಾಮಾನ್ಯವಾದ್ದರಿಂದ ಅದರಿಂದ ಏನೂ ಬೇರ್ಪಡುವುದಿಲ್ಲ. ಬದಿಯಿಂದ ಎಳೆಯುವ ತಟ್ಟೆಯಲ್ಲಿ ಸಿಆರ್2025 ಎಂಬ ನಾಣ್ಯದಂಥ ಸೆಲ್ ಕೂತಿದ್ದರೆ ಕತೆ ಬೇರೆ. 20 ಮಿಲಿಮೀಟರ್ ಅಗಲ, 2.5 ಮಿಲಿಮೀಟರ್ ದಪ್ಪದ ಈ ಸೆಲ್ಲೂ 3 ವೋಲ್ಟಿನದೇ, ಆದರೆ ಒಮ್ಮೆಗೇ ಹೆಚ್ಚು ಪ್ರವಾಹ ಕೊಡುವುದು ಇದಕ್ಕೆ ಕಷ್ಟ. ಹಾಗಾಗಿ ಇದು ಬಣ್ಣದ ಎಲ್‌ಇಡಿ ಪಟ್ಟಿ, ಕಾರಿನ ಸ್ಟೀರಿಯೊ, ಚಿಕ್ಕ ಸ್ಪೀಕರ್ ಮುಂತಾದ, ಹತ್ತಿರದಿಂದಲೇ ಬಳಸುವ ವಸ್ತುಗಳ ತೆಳುವಾದ ರಿಮೋಟುಗಳಲ್ಲಿ ಹೆಚ್ಚು. ಬೆರಳ ತುದಿಯಷ್ಟು ಗಿಡ್ಡದಾದ, 12 ವೋಲ್ಟಿನ 23ಎ ಸೆಲ್ ಕಂಡರೆ ಮೊದಲು ರೇಡಿಯೊ ರಿಮೋಟ್, ಅಂದರೆ ಬೆಳಕಿನ ಬದಲು ರೇಡಿಯೊ ಅಲೆ ಕಳಿಸುವ ರಿಮೋಟ್ ಎಂದು ಅನುಮಾನಿಸಿ. ಗೇಟು, ಗ್ಯಾರೇಜಿನ ಬಾಗಿಲು ಮೊದಲಾದವುಗಳಲ್ಲಿ ಅದರ ಬಳಕೆ ಹೆಚ್ಚು.

ಇನ್ನು ಕಿಟಕಿ. ಮುಂತುದಿಯ ಕಡುಗೆಂಪು ಅಥವಾ ಕಪ್ಪು ಪ್ಲಾಸ್ಟಿಕ್ ನಮ್ಮ ಕಣ್ಣಿಗೆ ಮುಚ್ಚಿದ ಬಾಗಿಲಾದರೂ, ಸಾಮಾನ್ಯವಾಗಿ 940 ನ್ಯಾನೊಮೀಟರ್ ಆಸುಪಾಸಿನ ಅವಗೆಂಪು ಬೆಳಕಿಗೆ ತೆರೆದ ಬಾಗಿಲು. ಅನೇಕ ರಿಮೋಟುಗಳಲ್ಲಿ ಕಿಟಕಿಯೇ ಇಲ್ಲದೆ ಪಾರದರ್ಶಕ ಎಲ್‌ಇಡಿಯ ತಲೆ ಹೊರಗೆ ಇಣುಕುತ್ತದೆ. ಎರಡೂ ಕಾಣದಿದ್ದರೆ ರೇಡಿಯೊ ರಿಮೋಟ್ ಇರಬಹುದು, ಆದರೆ ಕಣ್ಣಂದಾಜಿನಲ್ಲಿ ನಿಲ್ಲಬಾರದು, ಏಕೆಂದರೆ ಇಡೀ ಮುಂತುದಿಯೇ ಅವಗೆಂಪನ್ನು ಬಿಡುವ ಕಪ್ಪು ಪ್ಲಾಸ್ಟಿಕ್ ಆಗಿರುವ ಮಾದರಿಗಳಿವೆ. ಆಗ ಫೋನಿನ ಕ್ಯಾಮೆರಾ ಬಳಸಿ. ಹಿಂಬದಿಯ ಕ್ಯಾಮೆರಾದ ಫಿಲ್ಟರ್ ಅವಗೆಂಪನ್ನು ತಡೆಯುವ ಸಂಭವ ಹೆಚ್ಚು, ಆದ್ದರಿಂದ ಮುಂಬದಿಯ ಕ್ಯಾಮೆರಾದಿಂದ, ಮಬ್ಬು ಬೆಳಕಿನಲ್ಲಿ ನೋಡಿ, ಮೊದಲು ಸರಿಯಿರುವ ಒಂದು ರಿಮೋಟನ್ನು ಹಿಡಿದು ಕ್ಯಾಮೆರಾ ನೇರಳೆ ಹೊಳಪನ್ನು ತೋರಿಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಈ ಹೆಜ್ಜೆ ಬಿಟ್ಟು, ಸೆಲ್ ಚೆನ್ನಾಗಿದ್ದ ರಿಮೋಟೊಂದನ್ನು ನಾನು ಕೆಟ್ಟದ್ದೆಂದು ಪಕ್ಕಕ್ಕಿಟ್ಟದ್ದಿದೆ. ಕೆಟ್ಟಿದ್ದು ನನ್ನ ಪರೀಕ್ಷೆಯಷ್ಟೆ.

ಹೊಳಪು ಕಂಡರೆ ಗುಂಡಿಯನ್ನು ಒತ್ತಿ ಹಿಡಿಯಿರಿ. ಟಿವಿ ಬಗೆಯ ರಿಮೋಟಿನಲ್ಲಿ ಧ್ವನಿಯ ಗುಂಡಿ ಹಿಡಿದಷ್ಟು ಹೊತ್ತೂ, ಬಹುಬಳಕೆಯ ಸಂಕೇತ ಕ್ರಮಗಳಲ್ಲಿ ಸುಮಾರು 110 ಮಿಲಿಸೆಕೆಂಡಿಗೊಮ್ಮೆ, ಮಿನುಗು ಮರುಕಳಿಸುತ್ತದೆ. ಎಸಿ ರಿಮೋಟಿನ ಮೋಡ್ ಗುಂಡಿಯನ್ನು ಹಿಡಿದರೆ ಉದ್ದನೆಯ ಒಂದು ಮಿನುಗಷ್ಟೇ ಬಂದು ನಿಲ್ಲುವುದು ಹೆಚ್ಚು.

ಈಗ ಒಂದು ಉದಾಹರಣೆ. ಅಕ್ಷರ ಪೂರ್ತಿ ಸವೆದ ಒಂದು ಕಪ್ಪು ರಿಮೋಟಿದೆ, ಎರಡು ಎಎಎ ಸೆಲ್‌ಗಳು, ಪರದೆಯಿಲ್ಲ, ಎಲ್‌ಇಡಿ ಹೊರಗೆ ಕಾಣುತ್ತದೆ. ಮೇಲುತುದಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಗುಂಡಿ, ಎಡಗಡೆಯದರ ಬಳಿ ಇನ್ನೂ ಮೂರು. ನಡುವೆ ದಿಕ್ಕಿನ ಗುಂಡಿಗಳ ವೃತ್ತ, ಅದರ ಕೆಳಗೆ ಎರಡು ಉದ್ದನೆಯ ಏರಿಳಿತದ ಗುಂಡಿಗಳು, ಆಮೇಲೆ ಕೆಂಪು, ಹಸಿರು, ಹಳದಿ, ನೀಲಿ, ಕೊನೆಗೆ ಅಂಕಿಗಳ ನಾಲ್ಕು ಸಾಲು. ಪರದೆಯಿಲ್ಲದೆ ಅಂಕಿಗಳಿರುವುದರಿಂದ ಎಸಿ ಬಿಟ್ಟುಹೋಯಿತು. ಡಿಸ್ಕ್ ಆಡಿಸುವ ಗುಂಪಿಲ್ಲ, ಡಿವಿಡಿಯೂ ಹೋಯಿತು. ಉಳಿದದ್ದು ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್, ಇವೆರಡನ್ನು ಬೇರ್ಪಡಿಸುವುದೇ ನಿಜವಾದ ಕಷ್ಟ.

ಇಲ್ಲಿ ಮೇಲಿನ ಎರಡು ಗುಂಡಿಗಳೇ ಕೀಲಿ. ಅನೇಕ ಸೆಟ್‌ಟಾಪ್ ಬಾಕ್ಸ್ ರಿಮೋಟುಗಳು ತಮ್ಮ ಬಾಕ್ಸಿನ ಜೊತೆಗೆ ಟಿವಿಯನ್ನೂ ಆನ್ ಮಾಡಲು ಇನ್ನೊಂದು ಪವರ್ ಗುಂಡಿ ಇಟ್ಟುಕೊಂಡು, ಟಿವಿಗೆ ಸೇರಿದ ಮೂರು ನಾಲ್ಕು ಗುಂಡಿಗಳ ಸುತ್ತ ತೆಳುವಾದ ಗೆರೆ ಎಳೆದಿರುತ್ತವೆ. ಟಿವಿಯ ಸ್ವಂತ ರಿಮೋಟಿಗೆ ಸಾಮಾನ್ಯವಾಗಿ ಎರಡನೆಯ ಪವರ್ ಬೇಕಾಗುವುದಿಲ್ಲ. ನಮ್ಮ ರಿಮೋಟನ್ನು ಓರೆಯಾಗಿ ಹಿಡಿದಾಗ ಎಡಮೂಲೆಯಲ್ಲಿ ಅಂಥ ಗೆರೆಯ ಗುರುತು ಮಸುಕಾಗಿ ಕಂಡಿತು. ಕ್ಯಾಮೆರಾ ಮುಂದೆ ಬಲಗಡೆಯ ಪವರ್ ಒತ್ತಿದರೆ ಮಿನುಗಿತು, ಗೆರೆಯೊಳಗಿನವುಗಳನ್ನು ಒತ್ತಿದರೆ ಏನೂ ಇಲ್ಲ. ಟಿವಿಯ ಸಂಕೇತವನ್ನು ಇನ್ನೂ ಕಲಿಸದ ರಿಮೋಟುಗಳು ಹೀಗೆ ವರ್ತಿಸುವುದುಂಟು. ಒಂದೇ ಗುಂಡಿಯ ಅಡಿಯ ರಬ್ಬರ್ ಸವೆದಿದ್ದರೂ ಮಿನುಗು ತಪ್ಪುತ್ತದೆ, ಆದರೆ ಒಂದೇ ಗುಂಪಿನ ನಾಲ್ಕೂ ಗುಂಡಿಗಳು ಮಾತ್ರ ಒಟ್ಟಿಗೆ ಸವೆಯುವುದು ಅಪರೂಪ.

ಸವೆತವೂ ಇದಕ್ಕೆ ಹೊಂದುತ್ತಿತ್ತು. ಅಂಕಿಗಳ ಗುಂಡಿಗಳು ನುಣುಪಾಗಿ ಹೊಳೆಯುತ್ತಿದ್ದವು. ಬಾಕ್ಸಿನ ಮೂಲಕವೇ ಚಾನೆಲ್ ಬದಲಿಸುವ ಮನೆಯಲ್ಲಿ ಟಿವಿ ರಿಮೋಟಿನ ಅಂಕಿಗಳು ವರ್ಷಗಳಾದರೂ ಹೊಸದಾಗಿಯೇ ಉಳಿದು, ಅದರ ಪವರ್ ಮತ್ತು ಧ್ವನಿಯ ಗುಂಡಿಗಳಷ್ಟೇ ಸವೆಯುತ್ತವೆ. ಆದ್ದರಿಂದ ಇದು ಸೆಟ್‌ಟಾಪ್ ಬಾಕ್ಸಿನದು ಎಂದು ನಿರ್ಧರಿಸಿ, ಬಾಕ್ಸಿನ ಎದುರು ಹಿಡಿದು ಅಂಕಿಯೊಂದನ್ನು ಒತ್ತಿ ಅದರ ಮುಂಭಾಗದ ಚಿಕ್ಕ ದೀಪ ಮಿಟುಕುತ್ತದೆಯೇ ಎಂದು ನೋಡಬೇಕು. ಮಿಟುಕದಿದ್ದರೆ ಬಗೆ ತಪ್ಪಾಯಿತೆಂದು ಕೂಡಲೇ ಅಂದುಕೊಳ್ಳಬಾರದು, ಏಕೆಂದರೆ ಜೋಡಣೆ ಹೇಳುವುದು ಉಪಕರಣದ ಬಗೆಯನ್ನಷ್ಟೇ, ಬೇರೊಂದು ತಯಾರಕರ ಬಾಕ್ಸ್ ಅದೇ ಬಗೆಯದ್ದಾದರೂ ಬೇರೆ ಸಂಕೇತಕ್ಕೆ ಕಿವಿಗೊಡುತ್ತಿರಬಹುದು.