m ಮೊದಲೋ, n ಮೊದಲೋ: ಸರದಿ ಬದಲಾದರೆ ಬದಲಾಗುವ ಮಿತಿ

m ಮತ್ತು n ಎಂಬ ಎರಡು ಧನ ಪೂರ್ಣಾಂಕಗಳನ್ನು ತೆಗೆದುಕೊಂಡು m/(m+n) ಎಂಬ ಭಿನ್ನರಾಶಿಯನ್ನು ಬರೆಯೋಣ. m ಎಷ್ಟನೆಯದೋ ಅಷ್ಟನೆಯ ಅಡ್ಡಸಾಲಿನಲ್ಲಿ, n ಎಷ್ಟನೆಯದೋ ಅಷ್ಟನೆಯ ಕಂಬಸಾಲಿನಲ್ಲಿ ಇದರ ಬೆಲೆಯನ್ನು ತುಂಬುತ್ತ ಹೋದರೆ ಬಲಕ್ಕೂ ಕೆಳಕ್ಕೂ ಕೊನೆಯಿಲ್ಲದೆ ಹರಡಿದ ಒಂದು ಕೋಷ್ಟಕ ಸಿಗುತ್ತದೆ. ಸಾಮಾನ್ಯ ಶ್ರೇಢಿಯ ಪದಗಳನ್ನು ಒಂದೇ ಕ್ರಮಸಂಖ್ಯೆ ಗುರುತಿಸುತ್ತದೆ. ಇಲ್ಲಿ ಪ್ರತಿಯೊಂದು ಪದವನ್ನು ಗುರುತಿಸಲು ಎರಡು ಕ್ರಮಸಂಖ್ಯೆಗಳು ಬೇಕಾಗುವುದರಿಂದ ಇದನ್ನು ದ್ವಿಶ್ರೇಢಿ ಎನ್ನಬಹುದು. ಮೊದಲ ಅಡ್ಡಸಾಲಿನಲ್ಲಿ 1/2, 1/3, 1/4 ಎಂದು ಪದಗಳು ಇಳಿಯುತ್ತ ಹೋಗುತ್ತವೆ. ಮೊದಲ ಕಂಬಸಾಲಿನಲ್ಲಿ 1/2, 2/3, 3/4 ಎಂದು ಏರುತ್ತ ಹೋಗುತ್ತವೆ.

ಈಗ m ಮತ್ತು n ಎರಡೂ ಅನಂತದತ್ತ ಬೆಳೆದಾಗ ಈ ಭಿನ್ನರಾಶಿ ಯಾವ ಬೆಲೆಯನ್ನು ಸಮೀಪಿಸುತ್ತದೆ ಎಂದು ಕೇಳೋಣ. ಮೊದಲು n ಅನ್ನು 10ರಲ್ಲೇ ಹಿಡಿದು ನಿಲ್ಲಿಸಿ m ಅನ್ನು ಮಾತ್ರ ಬೆಳೆಸಿದರೆ, m = 10 ಆದಾಗ ಬೆಲೆ 0.5, m = 90 ಆದಾಗ 0.9, m = 990 ಆದಾಗ 0.99, m = 9990 ಆದಾಗ 0.999. ಛೇದದಲ್ಲಿರುವ 10 ಬೃಹತ್ತಾದ m ಎದುರು ಲೆಕ್ಕಕ್ಕೇ ಬಾರದಂತಾಗಿ, ಮಿತಿ 1 ಆಗುತ್ತದೆ. n = 10ರ ಬದಲು 1000 ಇದ್ದರೂ 10 ಕೋಟಿ ಇದ್ದರೂ ಮಿತಿ 1 ಆಗಿಯೇ ಉಳಿಯುತ್ತದೆ. ಹೀಗೆ ಪ್ರತಿಯೊಂದು ಕಂಬಸಾಲಿನ ಮಿತಿಯೂ 1 ಆದ ಮೇಲೆ n ಅನ್ನು ಬೆಳೆಸಲು ಹೊರಟರೆ ಬದಲಾಗುವುದೇನೂ ಉಳಿದಿರುವುದಿಲ್ಲ. 1, 1, 1 ಎಂಬ ಸಾಲಿನ ಮಿತಿ 1. ಸರದಿಯನ್ನು ತಿರುಗಿಸಿ, m ಅನ್ನು 10ರಲ್ಲಿ ನಿಲ್ಲಿಸಿ n ಅನ್ನು ಬೆಳೆಸಿದರೆ, n = 90 ಆದಾಗ ಬೆಲೆ 0.1, n = 990 ಆದಾಗ 0.01. ಪ್ರತಿಯೊಂದು ಅಡ್ಡಸಾಲಿನ ಮಿತಿಯೂ 0 ಆಗುತ್ತದೆ, ಆಮೇಲೆ m ಅನ್ನು ಎಷ್ಟೇ ಬೆಳೆಸಿದರೂ ಉತ್ತರ 0 ಆಗಿಯೇ ಇರುತ್ತದೆ. ಕೋಷ್ಟಕ ಅದೇ, ಅದರಲ್ಲಿರುವ ಸಂಖ್ಯೆಗಳೂ ಅವೇ. ಯಾರನ್ನು ಮೊದಲು ಅನಂತಕ್ಕೆ ಕಳುಹಿಸಿದೆವು ಎಂಬ ಒಂದೇ ವ್ಯತ್ಯಾಸದಿಂದ ಉತ್ತರ 1ರಿಂದ 0ಗೆ ಜಿಗಿಯಿತು.

ಎರಡನ್ನೂ ಜೊತೆಯಾಗಿಯೇ ಬೆಳೆಸಿದರೆ ಈ ಜಗಳ ತೀರಬಹುದಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ m = n ಎಂಬ ಕರ್ಣದ ಗುಂಟ ನಡೆದರೆ ಬೆಲೆ ಉದ್ದಕ್ಕೂ 1/2; n ಯಾವಾಗಲೂ m ನ ಮೂರು ಪಟ್ಟು ಇರುವಂತೆ ನಡೆದರೆ 1/4; m ಯಾವಾಗಲೂ n ನ ಮೂರು ಪಟ್ಟು ಇದ್ದರೆ 3/4. 0 ಮತ್ತು 1ರ ನಡುವಿನ ಯಾವ ಸಂಖ್ಯೆಯನ್ನೇ ಆರಿಸಿಕೊಂಡರೂ, m ಮತ್ತು n ನಡುವಿನ ಅನುಪಾತವನ್ನು ತಕ್ಕಂತೆ ಕಾಯ್ದುಕೊಂಡು ಅದನ್ನು ಸಮೀಪಿಸುವ ಹಾದಿಯೊಂದನ್ನು ಹಾಕಿಕೊಳ್ಳಬಹುದು. ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ಮಿತಿಯನ್ನು ಊಹಿಸುವವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾಗುತ್ತದೆ. ಎರಡಕ್ಕೂ 1000, ಆಮೇಲೆ 10,000, ಆಮೇಲೆ 10 ಲಕ್ಷ ಎಂದು ಸಮಸಮನಾಗಿ ಕೊಡುತ್ತ ಹೋದರೆ ಪ್ರತಿ ಸಲವೂ 0.5 ಎಂದೇ ಉತ್ತರ ಬರುತ್ತದೆ. ಅಷ್ಟು ಅಲುಗಾಡದ ಉತ್ತರವನ್ನು ಕಂಡವರಿಗೆ ಸಂಶಯ ಬರಲು ಕಾರಣವೇ ಇರುವುದಿಲ್ಲ. m ಗೆ 1000 ಮತ್ತು n ಗೆ 10 ಲಕ್ಷ ಕೊಟ್ಟು, ಆಮೇಲೆ ಅವನ್ನು ಅದಲುಬದಲು ಮಾಡಿ ನೋಡಿದಾಗ ಮಾತ್ರ ಒಮ್ಮೆ ಸುಮಾರು 0.001, ಇನ್ನೊಮ್ಮೆ ಸುಮಾರು 0.999 ಬಂದು ವಿಷಯ ಹೊರಬೀಳುತ್ತದೆ.

ಹೀಗಾಗುವುದು ಏಕೆ ಎಂಬುದನ್ನು ತಿಳಿಯಬೇಕಾದರೆ, ಮಿತಿ ಎಷ್ಟು ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಮಿತಿಯ ಹತ್ತಿರ ಬರಲು ಎಷ್ಟು ದೂರ ಹೋಗಬೇಕು ಎಂದು ಕೇಳಬೇಕು. n ಅನ್ನು ನಿಲ್ಲಿಸಿದಾಗ ಮಿತಿ 1 ಮತ್ತು ನಮ್ಮ ಭಿನ್ನರಾಶಿಯ ನಡುವಿನ ಅಂತರ n/(m+n). ಈ ಅಂತರ 1/10ಕ್ಕಿಂತ ಕಡಿಮೆಯಾಗಬೇಕಾದರೆ m ಎಂಬುದು 9n ಅನ್ನು ದಾಟಿರಬೇಕು. n = 10 ಆದರೆ 90 ದಾಟಿದರೆ ಸಾಕು, n = 1000 ಆದರೆ 9000 ದಾಟಬೇಕು, n ಹತ್ತು ಲಕ್ಷವಾದರೆ 90 ಲಕ್ಷ ದಾಟಬೇಕು. ಪ್ರತಿಯೊಂದು ಕಂಬಸಾಲೂ ಕೊನೆಗೆ 1ರ ಹತ್ತಿರ ಬರುತ್ತದೆ ಎಂಬುದು ನಿಜ, ಆದರೆ ಬಲಕ್ಕೆ ಸರಿದಂತೆಲ್ಲ ಆ ಕೊನೆ ಇನ್ನಷ್ಟು ಕೆಳಕ್ಕೆ ಜಾರುತ್ತದೆ. 'm ಇಷ್ಟನ್ನು ದಾಟಿದರೆ ಎಲ್ಲ ಕಂಬಸಾಲುಗಳಲ್ಲೂ ಅಂತರ 1/10ಕ್ಕಿಂತ ಕಡಿಮೆ' ಎಂದು ಹೇಳಬಲ್ಲ ಒಂದೇ ಒಂದು ಗಡಿ ಇಲ್ಲ. n ಅನ್ನು 1000ಕ್ಕೆ ಮೀರಗೊಡದಿದ್ದರೆ 9000 ಎಂಬುದೇ ಅಂಥ ಗಡಿಯಾಗುತ್ತಿತ್ತು. n ಗೆ ಕಡಿವಾಣವಿಲ್ಲದಿರುವುದರಿಂದ ಯಾವ ಗಡಿಯೂ ಉಳಿಯುವುದಿಲ್ಲ.

ಹೋಲಿಸಿ ನೋಡಲು, n ಇದ್ದ ಜಾಗದಲ್ಲಿ 1/n ಬರೆಯೋಣ. ಆಗ ಭಿನ್ನರಾಶಿ mn/(mn+1) ಆಗುತ್ತದೆ, 1ರಿಂದ ಅದರ ಅಂತರ 1/(mn+1). n ಕನಿಷ್ಠ 1 ಆಗಿರುವುದರಿಂದ ಈ ಅಂತರ ಎಂದೂ 1/(m+1) ಅನ್ನು ಮೀರದು. ಹಾಗಾಗಿ m = 10 ಮುಟ್ಟಿತೆಂದರೆ ಎಲ್ಲ ಕಂಬಸಾಲುಗಳಲ್ಲೂ ಒಟ್ಟಿಗೇ ಅಂತರ 1/10ಕ್ಕಿಂತ ಕಡಿಮೆಯಾಗಿಬಿಡುತ್ತದೆ. ಈ ಕೋಷ್ಟಕದಲ್ಲಿ ಯಾವ ಸರದಿಯಲ್ಲಿ ಹೋದರೂ ಮಿತಿ 1. ಒಂದೇ ಗಡಿ ಎಲ್ಲ ಕಂಬಸಾಲುಗಳಿಗೂ ಸಾಲುವ ಈ ಗುಣಕ್ಕೆ ಏಕರೂಪ ಅಭಿಸರಣ ಎಂದು ಹೆಸರು.

ಗಣಿತ ಈ ಕಲ್ಪನೆಗೆ ಬಂದದ್ದು ಸುಲಭದ ದಾರಿಯಲ್ಲಿ ಅಲ್ಲ, ಮತ್ತು ಆ ಚರಿತ್ರೆಯೊಳಗೆ ನಮ್ಮ ಭಿನ್ನರಾಶಿಯೇ ಅಡಗಿದೆ ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ. 1821ರಲ್ಲಿ ಫ್ರಾನ್ಸಿನ ಕೋಶಿ ತಾನು ಪ್ರಕಟಿಸಿದ ಪಠ್ಯದಲ್ಲಿ, ನಿರಂತರ ಫಂಕ್ಷನ್‌ಗಳನ್ನು ಕೂಡಿಸುತ್ತ ಹೋಗಿ ಪಡೆದ ಅನಂತ ಶ್ರೇಣಿಯೊಂದು ಅಭಿಸರಿಸಿದರೆ ಅದರ ಮೊತ್ತವೂ ನಿರಂತರವಾಗಿರುತ್ತದೆ ಎಂಬ ಪ್ರಮೇಯವನ್ನು ಕೊಟ್ಟ. ಮಿತಿಯ ಕಲ್ಪನೆಗೆ ಬಿಗಿಯಾದ ಅಡಿಪಾಯ ಹಾಕಿದ ಗಣಿತಜ್ಞ ಆತ. ಹಾಗಿದ್ದೂ ಇಲ್ಲಿ ಎರಡು ಮಿತಿಗಳ ಸರದಿ ಅದಲುಬದಲಾದದ್ದು ಆತನ ಕಣ್ಣಿಗೆ ಬೀಳಲಿಲ್ಲ. 1826ರಲ್ಲಿ ನಾರ್ವೆಯ ತರುಣ ಆಬೆಲ್ ತನ್ನ ಲೇಖನವೊಂದರ ಅಡಿಟಿಪ್ಪಣಿಯಲ್ಲಿ, ಈ ಪ್ರಮೇಯಕ್ಕೆ ಅಪವಾದಗಳಿವೆಯೆಂದು ತೋರುತ್ತದೆ ಎಂದು ಬರೆದು sin x − (1/2) sin 2x + (1/3) sin 3x − … ಎಂಬ ಶ್ರೇಣಿಯನ್ನು ಮುಂದಿಟ್ಟ. x ಎಂಬುದು 0ಯಿಂದ π ವರೆಗೆ, ಆದರೆ π ಅನ್ನು ಮುಟ್ಟದೆ ಇರುವಾಗ, ಇದರ ಮೊತ್ತ x/2. ಹಾಗಾಗಿ ಮೊದಲು ಪೂರ್ತಿ ಕೂಡಿಸಿ ಆಮೇಲೆ x ಅನ್ನು π ಕಡೆಗೆ ತಂದರೆ π/2 ಸಿಗುತ್ತದೆ. ಮೊದಲೇ x ಗೆ π ಬೆಲೆ ಕೊಟ್ಟರೆ ಪ್ರತಿಯೊಂದು ಪದವೂ 0 ಆಗಿ, ಮೊತ್ತವೂ 0 ಆಗುತ್ತದೆ.

ಇದೇ ಘಟನೆಯನ್ನು ನಮ್ಮ ಭಿನ್ನರಾಶಿಯಲ್ಲಿ ಇನ್ನೂ ಬರಿಗಣ್ಣಿಗೆ ಕಾಣುವಂತೆ ನೋಡಬಹುದು. 1/n ಅನ್ನು x ಎಂದು ಕರೆದು, ಅಂಶವನ್ನೂ ಛೇದವನ್ನೂ n ನಿಂದ ಭಾಗಿಸಿದರೆ m/(m+n) ಎಂಬುದು mx/(mx+1) ಆಗುತ್ತದೆ. n ಅನಂತಕ್ಕೆ ಹೋಗುವುದೆಂದರೆ x ಸೊನ್ನೆಗೆ ಬರುವುದು. ಪ್ರತಿಯೊಂದು m ಗೂ ಇದು x ನ ನಿರಂತರ ಫಂಕ್ಷನ್. ನಕ್ಷೆ ಬರೆದರೆ ಗೆರೆ ಸೊನ್ನೆಯಿಂದ ಹೊರಟು, ಎಲ್ಲೂ ತುಂಡಾಗದೆ, 1ರ ಕಡೆಗೆ ಏರುತ್ತದೆ. m ಹೆಚ್ಚಿದಷ್ಟೂ ಆ ಏರು ಕಡಿದಾಗುತ್ತದೆ: x ಎಂಬುದು 1/m ಆಗುವಷ್ಟರಲ್ಲೇ ಗೆರೆ ಅರ್ಧ ಎತ್ತರ ಮುಟ್ಟಿರುತ್ತದೆ. m = 10 ಆದಾಗ ಆ ಅರ್ಧ ಎತ್ತರ x = 0.1ರಲ್ಲಿ, m = 1000 ಆದಾಗ x = 0.001ರಲ್ಲಿ. m ಅನಂತಕ್ಕೆ ಹೋದಾಗ ಸೊನ್ನೆಗಿಂತ ದೊಡ್ಡದಾದ ಪ್ರತಿ x ನಲ್ಲೂ ಬೆಲೆ 1 ಆಗಿ, x = 0 ಎಂಬ ಒಂದು ಬಿಂದುವಿನಲ್ಲಿ ಮಾತ್ರ 0 ಆಗಿ ಉಳಿಯುತ್ತದೆ. ತುಂಡಾಗದ ಗೆರೆಗಳ ಸಾಲೊಂದು ತುಂಡಾದ ಗೆರೆಯನ್ನು ಮಿತಿಯಾಗಿ ಕೊಟ್ಟಿತು. ಆ ಬಿರುಕಿನ ಎತ್ತರ 1. ಅದು ಎರಡು ಸರದಿಗಳಲ್ಲಿ ನಮಗೆ ಸಿಕ್ಕ 1 ಮತ್ತು 0ರ ನಡುವಿನ ವ್ಯತ್ಯಾಸವೇ ಹೊರತು ಬೇರೆಯಲ್ಲ.

1847ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಸ್ಟೋಕ್ಸ್, ಜರ್ಮನಿಯಲ್ಲಿ ಸೈಡೆಲ್ ಇಬ್ಬರೂ ಬೇರೆಬೇರೆಯಾಗಿ ಈ ಬಿರುಕಿನ ಮೂಲವನ್ನು ಗುರುತಿಸಿದರು: ಬಿರುಕಿರುವ ಬಿಂದುವಿನ ಸಮೀಪದಲ್ಲಿ ಅಭಿಸರಣ ಎಷ್ಟು ಬೇಕಾದರೂ ನಿಧಾನವಾಗಬಲ್ಲದು. ನಾವು 90, 9000, 90 ಲಕ್ಷ ಎಂದು ಕಂಡದ್ದು ಆ ನಿಧಾನವನ್ನೇ. ಕೋಶಿ 1853ರಲ್ಲಿ ತನ್ನ ಪ್ರಮೇಯಕ್ಕೆ ಮರಳಿ ಅದನ್ನು ಬಿಗಿಗೊಳಿಸಿದ. ಏಕರೂಪ ಅಭಿಸರಣ ವಿಶ್ಲೇಷಣ ಗಣಿತದ ದಿನಬಳಕೆಯ ಸಾಧನವಾದದ್ದು ವೈಯರ್‌ಸ್ಟ್ರಾಸ್ ಮತ್ತು ಅವರ ಶಿಷ್ಯರ ಮೂಲಕ.

ಈ ಗುಣವಿದ್ದರೆ ಸರದಿ ಬದಲಿಸಬಹುದು ಎಂಬ ಪ್ರಮೇಯಕ್ಕೆ ಇಂದು ಮೂರ್ ಮತ್ತು ಆಸ್ಗುಡ್ ಎಂಬ ಇಬ್ಬರು ಅಮೆರಿಕನ್ ಗಣಿತಜ್ಞರ ಹೆಸರಿದೆ. ಪ್ರತಿ ಅಡ್ಡಸಾಲಿಗೂ ಮಿತಿ ಇದ್ದು, ಕಂಬಸಾಲುಗಳೆಲ್ಲ ಏಕರೂಪವಾಗಿ ಅಭಿಸರಿಸಿದರೆ, ಎರಡೂ ಸರದಿಗಳ ಮಿತಿಗಳು ಇದ್ದೇ ಇರುತ್ತವೆ ಮತ್ತು ಸಮನಾಗಿರುತ್ತವೆ. ಕಾರಣದ ತಿರುಳು ಸರಳವಾಗಿದೆ. ಒಂದೇ ಗಡಿ ಎಲ್ಲ ಕಂಬಸಾಲುಗಳಿಗೂ ಸಾಲುವುದಾದರೆ, ಅದರ ಕೆಳಗಿನ ಯಾವುದೇ ಒಂದು ಅಡ್ಡಸಾಲನ್ನು ಆರಿಸಿಕೊಂಡಾಗ ಅದರ ಪ್ರತಿ ಪದವೂ ತನ್ನ ಕಂಬಸಾಲಿನ ಮಿತಿಗೆ, ಉದಾಹರಣೆಗೆ, 1/10ರಷ್ಟು ಹತ್ತಿರವಿರುತ್ತದೆ. ಆ ಅಡ್ಡಸಾಲಿನ ಗುಂಟ ಬಲಕ್ಕೆ ಎಷ್ಟು ದೂರ ಹೋದರೂ ಆ ಹತ್ತಿರ ಕೈತಪ್ಪುವುದಿಲ್ಲ. m/(m+n) ನಲ್ಲಿ ಇದೇ ತಪ್ಪುತ್ತದೆ. 9000ನೆಯ ಅಡ್ಡಸಾಲು ಮೊದಲ ಸಾವಿರ ಕಂಬಸಾಲುಗಳವರೆಗೆ 0.9 ಅಥವಾ ಅದಕ್ಕಿಂತ ಮೇಲೆ ಇದ್ದು, 9000ನೆಯ ಕಂಬಸಾಲಿನಲ್ಲಿ ಅರ್ಧಕ್ಕಿಳಿದು, ಕೊನೆಗೆ ಸೊನ್ನೆಯತ್ತ ಜಾರಿಹೋಗುತ್ತದೆ.

ಹಾಗೆಂದು, ಎರಡು ಸರದಿಗಳ ಮಿತಿಗಳು ಸಮನಾಗಿ ಬಂದರೆ ಎಲ್ಲವೂ ಸರಿಯಿದೆ ಎಂದು ತಿಳಿಯುವಂತಿಲ್ಲ. mn/(m²+n²) ಎಂಬುದನ್ನು ನೋಡಿ. n ಅನ್ನು ನಿಲ್ಲಿಸಿ m ಅನ್ನು ಬೆಳೆಸಿದರೆ ಛೇದದಲ್ಲಿರುವ m² ಗೆದ್ದು ಮಿತಿ 0 ಆಗುತ್ತದೆ. m ಮತ್ತು n ಇಲ್ಲಿ ಒಂದೇ ಪಾತ್ರ ವಹಿಸುವುದರಿಂದ ಇನ್ನೊಂದು ಸರದಿಯಲ್ಲೂ 0. ಆದರೆ m = n ಆದಾಗ ಬೆಲೆ ಸದಾ 1/2. ಅಂದರೆ ಕೋಷ್ಟಕದ ಎಷ್ಟೇ ಆಳಕ್ಕೆ ಹೋದರೂ ಕರ್ಣದ ಮೇಲೆ ಸೊನ್ನೆಯಿಂದ ಅರ್ಧದಷ್ಟು ದೂರವಿರುವ ಪದಗಳು ಸಿಗುತ್ತಲೇ ಇರುತ್ತವೆ. ಈ ಕಾರಣಕ್ಕಾಗಿಯೇ ದ್ವಿಮಿತಿ ಎಂಬುದನ್ನು ಸರದಿಯ ಹಂಗಿಲ್ಲದೆ ವ್ಯಾಖ್ಯಾನಿಸುತ್ತಾರೆ. ಜರ್ಮನಿಯ ಪ್ರಿಂಗ್ಸ್‌ಹೈಮ್ 1900ರಲ್ಲಿ ಪ್ರಕಟಿಸಿದ ಲೇಖನದೊಂದಿಗೆ ಈ ವ್ಯಾಖ್ಯೆ ಸೇರಿಕೊಂಡಿದೆ: ಎಷ್ಟೇ ಸಣ್ಣ ಅಂತರವನ್ನು ಕೇಳಿದರೂ ಒಂದು ಗಡಿ ಇರಬೇಕು, m ಮತ್ತು n ಎರಡೂ ಆ ಗಡಿಯನ್ನು ದಾಟಿದ ಮೇಲೆ, ಅವುಗಳಲ್ಲಿ ಯಾವುದು ಎಷ್ಟು ಮುಂದಿದ್ದರೂ, ಪದವು ಮಿತಿಯಿಂದ ಆ ಅಂತರದೊಳಗೇ ಇರಬೇಕು. ಈ ಅಳತೆಗೆ mn/(mn+1) ನಿಲ್ಲುತ್ತದೆ. mn/(m²+n²) ನಿಲ್ಲುವುದಿಲ್ಲ, m/(m+n) ಕೂಡ ನಿಲ್ಲುವುದಿಲ್ಲ.