ಎಲ್ಲಾ ದಾರಿಯಲ್ಲೂ ಒಟ್ಟಿಗೆ ಓಡುವ ಯಂತ್ರ ಅಲ್ಲ ಅದು

ಕ್ವಾಂಟಂ ಕಂಪ್ಯೂಟರ್ ಬಗ್ಗೆ ಸಾಮಾನ್ಯ ಜನರ ಮುಂದೆ ಮುಖ್ಯ ಭಾಷಣ ಮಾಡಬೇಕು ಎಂದು ಮೊನ್ನೆ ಒಂದು ಆಹ್ವಾನ ಬಂತು. ಜೊತೆಗೆ ಸಂಘಟಕರೇ ಮಾಡಿದ ಪೋಸ್ಟರ್ ಕೂಡ ಬಂತು. ಅದರ ಮೇಲೆ ಒಂದು ಸಿಕ್ಕುದಾರಿಯ ಚಿತ್ರ, ಮಕ್ಕಳ ಪುಟಗಳಲ್ಲಿ 'ಮೊಲಕ್ಕೆ ದಾರಿ ತೋರಿಸಿ' ಅಂತ ಇರುತ್ತಲ್ಲ, ಅಂಥದ್ದು. ಕೆಳಗೆ ದೊಡ್ಡಕ್ಷರದಲ್ಲಿ: 'ಸಾಮಾನ್ಯ ಕಂಪ್ಯೂಟರ್ ಒಂದೊಂದೇ ದಾರಿ ಹುಡುಕುತ್ತದೆ, ಕ್ವಾಂಟಂ ಕಂಪ್ಯೂಟರ್ ಎಲ್ಲಾ ದಾರಿಯಲ್ಲೂ ಒಟ್ಟಿಗೆ ಹೋಗುತ್ತದೆ.'

ಆ ಎರಡನೇ ಭಾಗವನ್ನು ತೆಗೆಯಲು ಹೇಳಿದೆ. 'ಅಯ್ಯೋ ಸರ್, ಜನಕ್ಕೆ ಅರ್ಥ ಆಗೋದೇ ಅದೊಂದು' ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರೂ ಅದನ್ನೇ ಬರೆಯುತ್ತಾರೆ, ಅದನ್ನೇ ಓದುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಗೆ ರಾಷ್ಟ್ರೀಯ ಕ್ವಾಂಟಂ ಮಿಷನ್‌ನ ಕಂಪ್ಯೂಟಿಂಗ್ ಕೇಂದ್ರ ಬಂದ ಮೇಲಂತೂ ಬೆಂಗಳೂರಿನಲ್ಲಿ ಈ ಮಾತು ಕೇಳದ ವಾರವಿಲ್ಲ. ಆದರೆ ಆ ಒಂದು ವಾಕ್ಯ ತಲೆಗೆ ಹೊಕ್ಕರೆ ಮುಂದೆ ಏನು ಹೇಳಿದರೂ ಹಿಡಿಯುವುದಿಲ್ಲ. ಅದಕ್ಕೇ ಭಾಷಣದಲ್ಲಿ ಇದೊಂದನ್ನೇ ಬಿಡಿಸಿ ಹೇಳಬೇಕೆಂದುಕೊಂಡೆ. ಇಲ್ಲೂ ಅಷ್ಟೇ.

ನಾಣ್ಯದಿಂದ ಶುರು ಮಾಡೋಣ. ಕ್ವಾಂಟಂ ಕಂಪ್ಯೂಟರ್‌ನ ಮೂಲ ಘಟಕವಾದ ಕ್ಯೂಬಿಟ್ ಎಂದರೆ ಗಾಳಿಯಲ್ಲಿ ತಿರುಗುತ್ತಿರುವ ನಾಣ್ಯ, ಅದು ಹೆಡ್ಡೂ ಹೌದು ಟೇಲೂ ಹೌದು ಎನ್ನುತ್ತಾರೆ. ಈ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ತಿರುಗುವ ನಾಣ್ಯದಲ್ಲಿ ನಮಗೆ ಗೊತ್ತಿಲ್ಲದ್ದು ಇದೆ, ಅಷ್ಟೇ. ವ್ಯತ್ಯಾಸ ಕಾಣಬೇಕಾದರೆ ಎರಡು ಸಲ ಚಿಮ್ಮಬೇಕು.

ಸಾಮಾನ್ಯ ನಾಣ್ಯವನ್ನು ಒಮ್ಮೆ ಚಿಮ್ಮಿ. ಹೆಡ್ ಬೀಳುವ ಸಾಧ್ಯತೆ ಅರ್ಧ. ನೋಡದೆ ಇನ್ನೊಮ್ಮೆ ಚಿಮ್ಮಿ. ಈಗಲೂ ಅರ್ಧವೇ. ಎಷ್ಟು ಸಲ ಚಿಮ್ಮಿದರೂ ಗೊಂದಲ ಹಾಗೇ ಉಳಿಯುತ್ತದೆ.

ಕ್ವಾಂಟಂ ನಾಣ್ಯ, ಅಂದರೆ ಕ್ಯೂಬಿಟ್, ಹೆಡ್‌ನಲ್ಲಿದೆ ಎಂದುಕೊಳ್ಳಿ. ಒಮ್ಮೆ 'ಚಿಮ್ಮಿ' ನೋಡಿದರೆ ಹೆಡ್ ಅರ್ಧ, ಟೇಲ್ ಅರ್ಧ. ಇಲ್ಲಿಯವರೆಗೆ ಏನೂ ವಿಶೇಷವಿಲ್ಲ. ಆದರೆ ನೋಡದೆ ಎರಡನೇ ಸಲವೂ ಅದೇ ರೀತಿ ಚಿಮ್ಮಿದರೆ ಪ್ರತಿ ಬಾರಿಯೂ ಹೆಡ್ಡೇ ಬರುತ್ತದೆ. ಗೊಂದಲಕ್ಕೆ ಇನ್ನಷ್ಟು ಗೊಂದಲ ಸೇರಿಸಿದರೆ ಖಚಿತ ಉತ್ತರ ಸಿಕ್ಕಿತು.

ಯಾಕೆ ಹೀಗೆ? ಕ್ವಾಂಟಂನಲ್ಲಿ ಪ್ರತಿ ಸಾಧ್ಯತೆಯ ಹಿಂದೆ ಇನ್ನೊಂದು ಸಂಖ್ಯೆ ಇರುತ್ತದೆ. ಅದಕ್ಕೆ ಆಂಪ್ಲಿಟ್ಯೂಡ್ ಎನ್ನುತ್ತಾರೆ. ಅದರ ವರ್ಗ ತೆಗೆದರೆ ಸಾಧ್ಯತೆ. ಸಾಧ್ಯತೆ ಯಾವತ್ತೂ ಸೊನ್ನೆಗಿಂತ ಕಡಿಮೆ ಇರಲ್ಲ, ಆದರೆ ಆಂಪ್ಲಿಟ್ಯೂಡ್‌ಗೆ ಮೈನಸ್ ಚಿಹ್ನೆ ಇರಬಹುದು. ನಮ್ಮ ನಾಣ್ಯ ಎರಡು ಚಿಮ್ಮುಗಳ ಕೊನೆಗೆ ಟೇಲ್ ತಲುಪಲು ಎರಡು ದಾರಿ ಇವೆ. ನಡುವೆ ಹೆಡ್ ಮೂಲಕ ಬಂದದ್ದರ ಲೆಕ್ಕ ಪ್ಲಸ್ ಅರ್ಧ. ಟೇಲ್ ಮೂಲಕ ಬಂದದ್ದರ ಲೆಕ್ಕ ಮೈನಸ್ ಅರ್ಧ. ಕೂಡಿದರೆ ಸೊನ್ನೆ. ಹೆಡ್‌ಗೆ ಬರುವ ಎರಡೂ ದಾರಿಗಳು ಪ್ಲಸ್ ಅರ್ಧ, ಕೂಡಿದರೆ ಒಂದು. ಒಂದು ದಾರಿ ಇನ್ನೊಂದನ್ನು ಅಳಿಸಿತು. ಸಾಮಾನ್ಯ ನಾಣ್ಯಕ್ಕೆ ಇದು ಸಾಧ್ಯವೇ ಇಲ್ಲ, ಯಾಕೆಂದರೆ ಅಲ್ಲಿ ಕಳೆಯುವುದಿಲ್ಲ, ಬರೀ ಕೂಡುವುದು.

ಈಗ ಸಿಕ್ಕುದಾರಿಗೆ ಬರೋಣ. ಚಿಕ್ಕದು ಸಾಕು. ಎರಡು ಕವಲು, ಪ್ರತಿ ಕವಲಿನಲ್ಲೂ ಎಡ ಅಥವಾ ಬಲ. ಒಟ್ಟು ನಾಲ್ಕು ದಾರಿ: ಎಡ-ಎಡ, ಎಡ-ಬಲ, ಬಲ-ಎಡ, ಬಲ-ಬಲ. ಹೊರಗೆ ಹೋಗುವುದು ಬಲ-ಎಡ ಒಂದೇ, ಆದರೆ ನಮಗೆ ಗೊತ್ತಿಲ್ಲ. ಸಾಮಾನ್ಯ ಕಂಪ್ಯೂಟರ್ ಒಂದೊಂದೇ ದಾರಿ ಪರೀಕ್ಷಿಸುತ್ತದೆ. ಅದೃಷ್ಟ ಕೆಟ್ಟರೆ ಮೂರು ಪರೀಕ್ಷೆ, ನಾಲ್ಕನೆಯದು ತಾನಾಗೇ ಗೊತ್ತಾಗುತ್ತದೆ.

ಕ್ವಾಂಟಂನಲ್ಲಿ ಕವಲಿಗೊಂದು ನಾಣ್ಯ. ಹೆಡ್ ಎಂದರೆ ಎಡ, ಟೇಲ್ ಎಂದರೆ ಬಲ. ಎರಡನ್ನೂ ಚಿಮ್ಮಿದರೆ ನಾಲ್ಕೂ ದಾರಿಗಳಿಗೆ ಆಂಪ್ಲಿಟ್ಯೂಡ್ ಅರ್ಧ ಅರ್ಧ. 'ಎಲ್ಲಾ ದಾರಿಯಲ್ಲೂ ಒಟ್ಟಿಗೆ' ಎಂದು ಜನ ಹೇಳುವುದು ಈ ಹಂತವನ್ನೇ. ಇಲ್ಲಿ ನಿಲ್ಲಿಸಿ ಅಳೆದರೆ ಏನು ಸಿಗುತ್ತದೆ? ಅರ್ಧದ ವರ್ಗ ಕಾಲು. ನಾಲ್ಕರಲ್ಲಿ ಯಾವುದೋ ಒಂದು ದಾರಿ. ಕಣ್ಣು ಮುಚ್ಚಿ ಬೆರಳಿಟ್ಟರೂ ಅಷ್ಟೇ ಸಿಗುತ್ತಿತ್ತು, ಅಲ್ವಾ? ಎಲ್ಲಾ ದಾರಿಗಳನ್ನು ಹಿಡಿದದ್ದರಿಂದ ಒಂದು ಪೈಸೆ ಲಾಭವಾಗಲಿಲ್ಲ.

ಮುಂದಿನ ಹೆಜ್ಜೆ ಪರೀಕ್ಷೆ. ಸರಿಯಾದ ದಾರಿಯ ಚಿಹ್ನೆ ಮಾತ್ರ ತಿರುಗುತ್ತದೆ. ಬಲ-ಎಡ ಈಗ ಮೈನಸ್ ಅರ್ಧ, ಉಳಿದ ಮೂರು ಪ್ಲಸ್ ಅರ್ಧ. ಈಗ ಅಳೆದರೂ ಪ್ರಯೋಜನವಿಲ್ಲ. ಮೈನಸ್ ಅರ್ಧದ ವರ್ಗವೂ ಕಾಲೇ. ಗುರುತು ಬಿದ್ದಿದೆ, ಕಾಣುತ್ತಿಲ್ಲ.

ಕೊನೆಯ ಹೆಜ್ಜೆಯಲ್ಲೇ ಎಲ್ಲಾ ಇರುವುದು. ನಾಲ್ಕು ಸಂಖ್ಯೆಗಳ ಸರಾಸರಿ ತೆಗೆಯಿರಿ: ಕಾಲು. ಪ್ರತಿಯೊಂದು ಸಂಖ್ಯೆಯನ್ನೂ ಈ ಸರಾಸರಿಯ ಆಚೆ ಬದಿಗೆ, ಅಷ್ಟೇ ದೂರಕ್ಕೆ ತಿರುಗಿಸಬೇಕು. ಅರ್ಧ ಎಂಬುದು ಕಾಲಿಗಿಂತ ಕಾಲು ಮೇಲಿದೆ, ಹಾಗಾಗಿ ಕಾಲು ಕೆಳಗೆ ಬಂದು ಸೊನ್ನೆಯಾಗುತ್ತದೆ. ಮೂರು ತಪ್ಪು ದಾರಿಗಳೂ ಅಳಿದವು. ಮೈನಸ್ ಅರ್ಧ ಮುಕ್ಕಾಲು ಕೆಳಗಿತ್ತು, ಮುಕ್ಕಾಲು ಮೇಲೆ ಹೋಗಿ ಒಂದಾಗುತ್ತದೆ. ಈಗ ಅಳೆದರೆ ಬಲ-ಎಡವೇ ಬರುತ್ತದೆ, ಪ್ರತಿ ಸಲವೂ. ಪರೀಕ್ಷೆ ನಡೆದದ್ದು ಒಂದೇ ಸಲ. ಲವ್ ಗ್ರೋವರ್ ಎಂಬ ಭಾರತೀಯ ಮೂಲದ ವಿಜ್ಞಾನಿ 1996ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಕೊಟ್ಟ ವಿಧಾನ ಇದು.

ಸರಾಸರಿ ತೆಗೆಯುವವರು ಯಾರು ಎಂದು ಕೇಳುತ್ತಾರೆ. ಯಾರೂ ಕೂತು ತೆಗೆಯುವುದಿಲ್ಲ. ಎರಡೂ ನಾಣ್ಯಗಳನ್ನು ಮತ್ತೆ ಚಿಮ್ಮಿ, ಎಡ-ಎಡದ ಚಿಹ್ನೆ ಮಾತ್ರ ತಿರುಗಿಸಿ, ಇನ್ನೊಮ್ಮೆ ಚಿಮ್ಮಿದರೆ ಅದೇ ಫಲ ಬರುತ್ತದೆ. ಎಲ್ಲಾ ಸಂಖ್ಯೆಗಳ ಚಿಹ್ನೆ ಒಟ್ಟಿಗೆ ಬದಲಾಗಿರುತ್ತದೆ, ಆದರೆ ಅಳತೆಗೆ ಅದರಿಂದ ವ್ಯತ್ಯಾಸವಿಲ್ಲ. ಅಂದರೆ ಮೊದಲು ನೋಡಿದ ನಾಣ್ಯದ ಕೆಲಸವೇ ಇಲ್ಲೂ ನಡೆಯುವುದು.

ಇನ್ನೊಂದು ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ, ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಕೂತ ನಿವೃತ್ತರಿಂದ. ಅವರ ಪ್ರಶ್ನೆಗಳೆಂದರೆ ನನಗೆ ತುಂಬಾ ಇಷ್ಟ. 'ಸರಿಯಾದ ದಾರಿಗೆ ಗುರುತು ಹಾಕಬೇಕಾದರೆ ಉತ್ತರ ಮೊದಲೇ ಗೊತ್ತಿರಬೇಕಲ್ಲ ಸ್ವಾಮಿ?' ಗೊತ್ತಿರಬೇಕಿಲ್ಲ. ಗುರುತು ಹಾಕುವ ಸರ್ಕ್ಯೂಟ್‌ನಲ್ಲಿ ಇರುವುದು ಸಿಕ್ಕುದಾರಿಯ ನಕ್ಷೆ, ಉತ್ತರ ಅಲ್ಲ. ಒಂದು ದಾರಿ ಕೊಟ್ಟರೆ ಅದು ನಕ್ಷೆಯ ಮೇಲೆ ನಡೆದು, ಹೊರಗೆ ಬಂತೋ ಇಲ್ಲವೋ ಎಂದು ನೋಡುತ್ತದೆ. ಗುರುತಿಸಲು ಬರುತ್ತದೆ, ಹುಡುಕಲು ಬರುವುದಿಲ್ಲ. ಇಷ್ಟು ಹೇಳಿದ ಮೇಲೆ ಅವರಲ್ಲಿ ಹೆಚ್ಚಿನವರು ತಲೆಯಾಡಿಸುತ್ತಾರೆ, ಕೆಲವರು ಕಾಫಿ ಹೊತ್ತಿನಲ್ಲಿ ಬಂದು ಮತ್ತೆ ಕೇಳುತ್ತಾರೆ.

ನೋಡದೆ ಇರುವುದು ಎಷ್ಟು ಮುಖ್ಯ ಎಂಬುದಕ್ಕೆ ಒಬ್ಬ ವಿದ್ಯಾರ್ಥಿನಿಯ ಕಥೆ ಹೇಳಬೇಕು. ಇದೇ ನಾಲ್ಕು ದಾರಿಯ ಲೆಕ್ಕವನ್ನು ಕಂಪ್ಯೂಟರ್ ಮೇಲೆ ಓಡಿಸಿ, ಸಾವಿರ ಸಲದ ಫಲಿತಾಂಶದ ಚಿತ್ರ ತಂದಿದ್ದಳು. ಒಂದೇ ಕಂಬ ಎದ್ದು ನಿಲ್ಲಬೇಕಿತ್ತು. ನಾಲ್ಕೂ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರ, ತಲಾ 250ರ ಆಸುಪಾಸು. 'ಎಲ್ಲಾ ಗೇಟೂ ಸರಿ ಇದೆ ಸರ್, ಮೂರು ಸಲ ನೋಡಿದೆ' ಎಂದಳು. ಗೇಟುಗಳು, ಅಂದರೆ ಚಿಮ್ಮುವ, ಚಿಹ್ನೆ ತಿರುಗಿಸುವ ಹೆಜ್ಜೆಗಳು, ನಿಜಕ್ಕೂ ಸರಿ ಇದ್ದವು. ಗುರುತು ಬಿದ್ದಿದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಲು ನಡುವೆ ಒಂದು ಅಳತೆ ಸೇರಿಸಿದ್ದಳು! ಅಳೆದ ತಕ್ಷಣ ನಾಲ್ಕರಲ್ಲಿ ಒಂದು ದಾರಿ ಮಾತ್ರ ಉಳಿಯಿತು. ಅಳಿಸಲು ಜೊತೆಗೆ ಬೇರೆ ದಾರಿಯೇ ಇಲ್ಲ. ಮುಂದಿನ ಹೆಜ್ಜೆ ಆ ಒಂದನ್ನು ಮತ್ತೆ ನಾಲ್ಕಾಗಿ ಸಮನಾಗಿ ಹಂಚಿತು. ಆ ಸಾಲು ತೆಗೆದ ಮೇಲೆ ಒಂದೇ ಕಂಬ ಬಂತು.

ನಿಜವಾದ ಯಂತ್ರದಲ್ಲಿ ಆ ಅಳತೆಯನ್ನು ನಾವು ಸೇರಿಸಬೇಕಿಲ್ಲ. ಸುತ್ತಲಿನ ಶಾಖ, ಸಣ್ಣ ಕಾಂತಕ್ಷೇತ್ರ, ಪಕ್ಕದ ಕ್ಯೂಬಿಟ್, ಇವೇ ಕದ್ದು ನೋಡಿಬಿಡುತ್ತವೆ. ವಿದ್ಯುತ್ ತಡೆಯಿಲ್ಲದೆ ಹರಿಯುವ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳನ್ನು ತಾಪದ ಕನಿಷ್ಠ ಮಿತಿಯಾದ ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲೆ ಇಡುವುದು ಈ ಕಾರಣಕ್ಕೇ. ಫಲಿತಾಂಶದ ಕಂಬಗಳು ಸಮನಾಗುತ್ತಾ ಬಂದರೆ ನಾಣ್ಯ ಸಾಮಾನ್ಯ ನಾಣ್ಯ ಆಗುತ್ತಿದೆ ಎಂದೇ ಅರ್ಥ.

ಈಗ ಕವಲುಗಳನ್ನು 20ಕ್ಕೆ ಏರಿಸಿ. ದಾರಿಗಳು 10,48,576. ಸಾಮಾನ್ಯ ಕಂಪ್ಯೂಟರ್‌ಗೆ ಸರಾಸರಿ ಐದು ಲಕ್ಷಕ್ಕೂ ಜಾಸ್ತಿ ಪರೀಕ್ಷೆ ಬೇಕು. ಗ್ರೋವರ್ ವಿಧಾನಕ್ಕೆ ಒಂದು ಪರೀಕ್ಷೆ ಸಾಲದು, ಸುಮಾರು 800 ಬೇಕು. ಈ ಸಂಖ್ಯೆ ದಾರಿಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ. ಗುರುತು ಹಾಕಿ ಸರಾಸರಿಯ ಆಚೆಗೆ ತಿರುಗಿಸುವ ಪ್ರತಿ ಸುತ್ತಿನಲ್ಲೂ ಸರಿಯಾದ ದಾರಿಯ ಆಂಪ್ಲಿಟ್ಯೂಡ್ ಸ್ವಲ್ಪ ಸ್ವಲ್ಪವೇ ಏರುತ್ತದೆ. ಎಲ್ಲಾ ದಾರಿಯಲ್ಲೂ ಒಟ್ಟಿಗೆ ಓಡುವ ಯಂತ್ರವಾಗಿದ್ದರೆ 800 ಯಾಕೆ ಬೇಕಿತ್ತು ಹೇಳಿ? ಇನ್ನೂ ಒಂದು ವಿಷಯ ಇದೆ. ಉತ್ಸಾಹದಲ್ಲಿ 1600 ಸುತ್ತು ಓಡಿಸಿದರೆ ಉತ್ತರ ಸಿಗುವ ಸಾಧ್ಯತೆ ಮತ್ತೆ ಸೊನ್ನೆಯ ಹತ್ತಿರ ಬರುತ್ತದೆ. ಏರಿದ್ದು ಇಳಿದುಬಿಡುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಲೆಕ್ಕ ಹಾಕಿರಬೇಕು. ಸುಮ್ನೆ ದಾರಿ ಪರೀಕ್ಷಿಸುವ ಹುಡುಕಾಟದಲ್ಲಿ ಈ ವರ್ಗಮೂಲದ ಲಾಭಕ್ಕಿಂತ ಜಾಸ್ತಿ ಯಾವ ಕ್ವಾಂಟಂ ವಿಧಾನವೂ ಕೊಡಲಾರದು ಎಂದು 1997ರಲ್ಲಿ ಪ್ರಕಟವಾದ ಗಣಿತದ ಪುರಾವೆಯೇ ಇದೆ. ಬೆನೆಟ್, ಬರ್ನ್‌ಸ್ಟೀನ್, ಬ್ರಸಾರ್ಡ್ ಮತ್ತು ಉಮೇಶ್ ವಜೀರಾನಿ ಸೇರಿ ತೋರಿಸಿದ್ದು ಅದು.

ಇಷ್ಟು ಕೇಳಿದ ಮೇಲೆ ನಮ್ಮ ಊರಿನಲ್ಲಿ ತಪ್ಪದೆ ಬರುವ ಪ್ರಶ್ನೆ: 'ಸಿಲ್ಕ್ ಬೋರ್ಡ್ ಟ್ರಾಫಿಕ್ ಇದರಿಂದ ಸರಿ ಆಗುತ್ತಾ?' ನಾನು ಎಚ್ಚರಿಕೆಯಿಂದಲೇ ಉತ್ತರಿಸುತ್ತೇನೆ. 10 ಲಕ್ಷ ದಾರಿಗಳ ಸರಳ ಪರೀಕ್ಷೆ ಮಾಮೂಲಿ ಲ್ಯಾಪ್‌ಟಾಪ್‌ಗೆ ಕ್ಷಣದ ಕೆಲಸ. ಇವತ್ತಿನ ಒಳ್ಳೆಯ ಕ್ವಾಂಟಂ ಯಂತ್ರಗಳಲ್ಲಿ ಎರಡು ಕ್ಯೂಬಿಟ್ ನಡುವಿನ ಹೆಜ್ಜೆ ಸುಮಾರು ಸಾವಿರಕ್ಕೊಮ್ಮೆ ತಪ್ಪುತ್ತದೆ, ಹಲವು ಯಂತ್ರಗಳಲ್ಲಿ ಅದಕ್ಕಿಂತ ಜಾಸ್ತಿ. 800 ಸುತ್ತು ಎಂದರೆ ಕನಿಷ್ಠ ಹತ್ತಾರು ಸಾವಿರ ಹೆಜ್ಜೆ. ಗುರಿ ಮುಟ್ಟುವ ಮೊದಲೇ ಕಂಬಗಳು ಸಮನಾಗಿರುತ್ತವೆ. ತಪ್ಪು ತಿದ್ದಿಕೊಳ್ಳುವ ಯಂತ್ರಗಳು ಬಂದರೂ ಒಂದೊಂದು ಹೆಜ್ಜೆಗೆ ಹಿಡಿಯುವ ಸಮಯ ವರ್ಗಮೂಲದ ಲಾಭವನ್ನು ತಿಂದುಹಾಕಬಹುದು.

ಯಾರಾದರೂ ಕ್ವಾಂಟಂ ಪರಿಹಾರ ಇದೆ ಎಂದು ನಿಮ್ಮ ಬಳಿ ಬಂದರೆ ಒಂದನ್ನು ಕೇಳಿ: ತಪ್ಪು ಉತ್ತರಗಳು ಯಾವ ಹೆಜ್ಜೆಯಲ್ಲಿ ಒಂದನ್ನೊಂದು ಅಳಿಸುತ್ತವೆ? ದೊಡ್ಡ ಸಂಖ್ಯೆಗಳನ್ನು ಅಪವರ್ತನಗಳಾಗಿ ಒಡೆಯಲು ಅಮೆರಿಕದ ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ಕೊಟ್ಟ ವಿಧಾನಕ್ಕೆ ಇದಕ್ಕೆ ಸ್ಪಷ್ಟ ಉತ್ತರ ಇದೆ. ಆ ಲೆಕ್ಕದ ಒಳಗೆ ಮತ್ತೆ ಮತ್ತೆ ಮರಳುವ ಒಂದು ಆವರ್ತನೆ ಅಡಗಿದೆ. ಅದಕ್ಕೆ ಹೊಂದದ ಉತ್ತರಗಳು ಪ್ಲಸ್ ಮೈನಸ್ ಸೇರಿ ಅಳಿದುಹೋಗುತ್ತವೆ. ಅದಕ್ಕೇ ಅಲ್ಲಿ ಲಾಭ ವರ್ಗಮೂಲಕ್ಕಿಂತ ಎಷ್ಟೋ ದೊಡ್ಡದು. ದೊಡ್ಡ ಸಂಖ್ಯೆ ಒಡೆಯುವುದು ಕಷ್ಟ ಎಂಬುದನ್ನೇ ನಂಬಿರುವ ಗೂಢಲಿಪಿಯನ್ನು ಬದಲಿಸುವ ಮಾತನ್ನು ಬ್ಯಾಂಕುಗಳು ಆಡುತ್ತಿರುವುದೂ ಅದರಿಂದಲೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳಲ್ಲಿ ಅಂಥ ಆವರ್ತನೆ ಇದೆ ಎಂದು ತೋರಿಸಿದವರನ್ನು ನಾನಂತೂ ಈವರೆಗೆ ನೋಡಿಲ್ಲ.