ಒಂದೇ ಬಿಲ್‌ಗೆ ಎರಡು ಸಲ ಪಾವತಿ: ‘ನಿರ್ಲಕ್ಷ್ಯ’ದ ಹಿಂದಿರುವ ಕಾರಣ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಕಂಪನಿಯ ಇಂಟರ್ನಲ್ ಆಡಿಟ್ ವರದಿಯಲ್ಲಿ ‘ಒಂದೇ ಬಿಲ್‌ಗೆ ಎರಡು ಸಲ ಪಾವತಿ’ ಎಂಬ ಆಕ್ಷೇಪಣೆ ಪ್ರತಿ ವರ್ಷ ಬರುತ್ತದೆ. ಕಾರಣ ‘ಸಿಬ್ಬಂದಿಯ ನಿರ್ಲಕ್ಷ್ಯ’, ಪರಿಹಾರ ‘ತರಬೇತಿ’ ಎಂದು ಬರೆಯುತ್ತೇವೆ. ಐದು ಸಲ ‘ಏಕೆ’ ಎಂದು ಕೇಳಿದರೆ ಮೂಲ ಕಾರಣ ಸಿಗುತ್ತದೆಯೇ?

ಉತ್ತರ: ಸಿಗಬಹುದು, ಪ್ರತಿ ‘ಏಕೆ’ಗೂ ಅಭಿಪ್ರಾಯದ ಬದಲು ದಾಖಲೆಯೇ ಉತ್ತರ ಕೊಟ್ಟರೆ. ಐದು ಎಂಬುದು ನಿಯಮವೇನಲ್ಲ. ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ಬೆಳೆದ ರೂಢಿ ಅದು. ಕೆಲವೊಮ್ಮೆ ಮೂರಕ್ಕೇ ಮುಗಿಯುತ್ತದೆ, ಕೆಲವೊಮ್ಮೆ ಏಳು ಬೇಕಾಗುತ್ತದೆ.

ಮೊದಲು ಸಮಸ್ಯೆಯನ್ನು ಖಚಿತವಾಗಿ ಬರೆಯಿರಿ. ಉದಾಹರಣೆಗೆ, ಪರಿಶೀಲಿಸಿದ 400 ಬಿಲ್‌ಗಳಲ್ಲಿ 7ಕ್ಕೆ ಎರಡು ಸಲ ಹಣ ಹೋಗಿದೆ ಎಂದಿಟ್ಟುಕೊಳ್ಳೋಣ. ಏಳನ್ನೂ ಒಟ್ಟಿಗೆ ಕೂರಿಸಿ ಕಾರಣ ಹುಡುಕಬೇಡಿ, ಒಂದೊಂದನ್ನೇ ಬಿಚ್ಚಿ ನೋಡಿ. ಐದರಲ್ಲಿ ಒಬ್ಬನೇ ಸರಬರಾಜುದಾರನಿಗೆ ಎರಡು ವೆಂಡರ್ ಕೋಡ್‌ಗಳಿವೆ. ಉಳಿದ ಎರಡರಲ್ಲಿ ಕೋಡ್ ಒಂದೇ, ಬಿಲ್ ಸಂಖ್ಯೆಯನ್ನು ಒಮ್ಮೆ 045 ಎಂದೂ ಇನ್ನೊಮ್ಮೆ 45 ಎಂದೂ ಟೈಪ್ ಮಾಡಲಾಗಿದೆ. ಅಂದರೆ ಇವು ಎರಡು ಬೇರೆ ಸಮಸ್ಯೆಗಳು. ಒಂದೇ ‘ಏಕೆ’ಗಳ ಸರಪಳಿಯಲ್ಲಿ ಕಟ್ಟಿದರೆ ಎರಡೂ ಹಾಳಾಗುತ್ತವೆ.

ಈಗ ಆ ಐದನ್ನು ಹಿಡಿಯೋಣ. ಎರಡನೇ ಸಲದ ಎಂಟ್ರಿಯನ್ನು ಸಾಫ್ಟ್‌ವೇರ್ ಏಕೆ ತಡೆಯಲಿಲ್ಲ? ಅದು ಒಂದೇ ವೆಂಡರ್ ಕೋಡ್‌ನೊಳಗೆ ಮಾತ್ರ ಬಿಲ್ ಸಂಖ್ಯೆಗಳನ್ನು ಹೋಲಿಸುತ್ತದೆ. ಎರಡು ಕೋಡ್ ಏಕೆ ಬಂದವು? ಸರಬರಾಜುದಾರನ ಬ್ಯಾಂಕ್ ಖಾತೆ ಬದಲಾದಾಗ ಖರೀದಿ ವಿಭಾಗ ಹಳೆಯ ಕೋಡ್ ತಿದ್ದದೆ ಹೊಸದನ್ನು ತೆರೆದಿದೆ. ಏಕೆ? ತಿದ್ದಲು ಮೂವರ ಸಹಿ ಬೇಕು, ಹೊಸ ಕೋಡ್‌ಗೆ ಒಬ್ಬರದು ಸಾಕು. ಹೊಸ ಕೋಡ್ ತೆರೆಯುವಾಗ ಹಳೆಯದು ಏಕೆ ಕಣ್ಣಿಗೆ ಬೀಳಲಿಲ್ಲ? ಫಾರಂನಲ್ಲಿ ಪ್ಯಾನ್ ಕಡ್ಡಾಯವಲ್ಲ, ಹುಡುಕಾಟ ಹೆಸರಿನ ಮೇಲಷ್ಟೇ. ಅದನ್ನು ಏಕೆ ಯಾರೂ ಸರಿಪಡಿಸಲಿಲ್ಲ? ಕೋಡ್ ತೆರೆಯುವುದು ಖರೀದಿ ವಿಭಾಗ, ಬಳಸುವುದು ಅಕೌಂಟ್ಸ್. ಸರಬರಾಜುದಾರರ ಕೋಡ್ ಮತ್ತು ವಿವರಗಳ ಪಟ್ಟಿಯಾದ ವೆಂಡರ್ ಮಾಸ್ಟರ್‌ನ ಹೊಣೆ ಮಾತ್ರ ಯಾರಿಗೂ ವಹಿಸಿಲ್ಲ.

ಇಲ್ಲಿ ನಿಲ್ಲಿಸಬಹುದು, ಏಕೆಂದರೆ ಇದು ಆಡಳಿತ ಮಂಡಳಿಯ ಒಂದು ತೀರ್ಮಾನದಿಂದ ಬದಲಾಗುವ ವಿಷಯ. ಕಂಪನಿಯ ಕೈಮೀರಿದ ಉತ್ತರ ಬಂದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಉತ್ತರ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಮುಗಿದರೆ ಇನ್ನೂ ಒಂದು ‘ಏಕೆ’ ಬಾಕಿಯಿದೆ: ಅವರ ಜಾಗದಲ್ಲಿ ಬೇರೆಯವರಿದ್ದರೂ ಹೀಗೇ ಆಗುತ್ತಿತ್ತೇ?

ಸರಪಳಿಯನ್ನು ಕೆಳಗಿನಿಂದ ಮೇಲಕ್ಕೂ ‘ಆದ್ದರಿಂದ’ ಸೇರಿಸಿ ಓದಿ. ಕೊಂಡಿ ಕಳಚಿದ ಜಾಗ ಆಗ ತಾನಾಗಿ ಕಾಣುತ್ತದೆ. ಇನ್ನೊಂದು ಪರೀಕ್ಷೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ: ಎರಡು ಕೋಡ್ ಇದ್ದರೂ ಎರಡು ಸಲ ಹಣ ಹೋಗದ ಸರಬರಾಜುದಾರರನ್ನು ಹುಡುಕಿ. ಅಂಥವರು ಇದ್ದರೆ ಎರಡು ಕೋಡ್ ಒಂದೇ ಕಾರಣವಲ್ಲ. ನಮ್ಮ ಉದಾಹರಣೆಯಲ್ಲಿ ತಪ್ಪಾದ ಐದೂ ಬಿಲ್‌ಗಳು ಒಮ್ಮೆ ಇಮೇಲ್‌ನಲ್ಲಿ, ಮತ್ತೊಮ್ಮೆ ಕಾಗದದಲ್ಲಿ ಬಂದಿವೆ. ಜೊತೆಗೆ ಸರಕು ಸ್ವೀಕೃತಿ ರಸೀದಿಗೆ ತಾಳೆ ನೋಡದೆ ಪಾಸಾಗಿವೆ.

ಸಮಸ್ಯೆಯನ್ನು ತಲೆಯಾಗಿ, ಕಾರಣಗಳ ಗುಂಪುಗಳನ್ನು ಮೂಳೆಗಳಾಗಿ ಬರೆಯುವ ಮೀನಿನ ಮೂಳೆಯ ಚಿತ್ರ ಬೇಕಾಗುವುದು ಇಂಥಲ್ಲೇ. ಸರಪಳಿ ಒಂದೇ ಗೆರೆಯಲ್ಲಿ ಸಾಗುತ್ತದೆ, ಜೊತೆಗೂಡಿ ಕೆಲಸ ಮಾಡುವ ಕಾರಣಗಳನ್ನು ಅದು ಹಿಡಿಯಲಾರದು. ಬಲಕ್ಕೆ ತಲೆ ಬರೆದು ಅದರಲ್ಲಿ ‘400ರಲ್ಲಿ 5, ಎರಡು ಕೋಡ್ ಮೂಲಕ’ ಎಂದು ಬರೆಯಿರಿ. ಕಾರ್ಖಾನೆಗೆಂದು ಹೇಳಿಕೊಡುವ ಯಂತ್ರ, ಕಚ್ಚಾವಸ್ತು ಮುಂತಾದ ಮೂಳೆಗಳು ಅಕೌಂಟ್ಸ್‌ಗೆ ಹೊಂದುವುದಿಲ್ಲ. ಜನ, ವಿಧಾನ, ಸಾಫ್ಟ್‌ವೇರ್, ಮಾಹಿತಿ, ಗುರಿ ಮತ್ತು ಅಳತೆ, ಹೊರಗಿನವರು ಎಂದಿಟ್ಟರೆ ಸಾಕು. ಖರೀದಿ, ಅಕೌಂಟ್ಸ್, ಐಟಿ ಮೂವರನ್ನೂ ಕೂರಿಸಿಯೇ ತುಂಬಿಸಿ, ಪ್ರತಿ ಕಾರಣದ ಪಕ್ಕ ‘ಸಾಬೀತು’, ‘ನೋಡಬೇಕು’, ‘ಸುಳ್ಳು’ ಎಂದು ಗುರುತು ಹಾಕಿ. ಗುರುತಿಲ್ಲದ ಚಿತ್ರ ಬರೀ ಊಹೆಗಳ ಪಟ್ಟಿ. ‘ತರಬೇತಿ ಇಲ್ಲ’ ಎಂದು ಯಾರಾದರೂ ಬರೆದರೆ ಅದು ಕಾರಣದ ವೇಷದಲ್ಲಿರುವ ಪರಿಹಾರ. ತರಬೇತಿ ಪಡೆದವರೂ ಅದೇ ತಪ್ಪು ಮಾಡಿದ್ದಾರೆಯೇ ಎಂದು ನೋಡಿ, ಮಾಡಿದ್ದರೆ ಅಳಿಸಿಬಿಡಿ.

ಹೆಚ್ಚುವರಿ ಹಣ ವಾಪಸ್ ಪಡೆಯುವುದು ತಪ್ಪಿನ ತಿದ್ದುಪಡಿ, ವರದಿಯಲ್ಲಿ ಅದನ್ನು ಬೇರೆಯಾಗಿಯೇ ತೋರಿಸಿ. ಕಾರಣಕ್ಕೆ ಮದ್ದು ಎಂದರೆ ವೆಂಡರ್ ಮಾಸ್ಟರ್‌ಗೆ ಒಬ್ಬ ಹೊಣೆಗಾರ ಮತ್ತು ಪ್ಯಾನ್ ಮೇಲೆ ಹೋಲಿಕೆ. ಜಿಎಸ್‌ಟಿ ಸಂಖ್ಯೆಯ ಮೇಲೆ ಮಾತ್ರ ಹೋಲಿಸಬೇಡಿ: ಎರಡು ರಾಜ್ಯಗಳಲ್ಲಿ ನೋಂದಣಿಯಿದ್ದರೆ ಒಬ್ಬನಿಗೇ ಎರಡು ಸಂಖ್ಯೆ ಇರುತ್ತವೆ. ಆದರೆ ಆ 15 ಅಕ್ಷರಗಳಲ್ಲಿ 3ರಿಂದ 12ರವರೆಗಿನವು ಪ್ಯಾನ್, ಅದು ಎರಡರಲ್ಲೂ ಒಂದೇ. ಬ್ಯಾಂಕ್ ಖಾತೆ ಬದಲಿಸುವ ಸಹಿಗಳನ್ನು ಕಡಿಮೆ ಮಾಡುವಾಗ ಎಚ್ಚರ, ವಂಚಕರು ನುಗ್ಗುವ ಬಾಗಿಲೂ ಅದೇ. ಕಡತದಲ್ಲಿ ಮೊದಲೇ ಇರುವ ಫೋನ್ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವ ಹೆಜ್ಜೆಯನ್ನು ಬಿಡಬಾರದು.

ಮೂರು ತಿಂಗಳ ನಂತರ ಮರುಪರಿಶೀಲನೆಯಲ್ಲಿ ತರಬೇತಿಯ ಹಾಜರಿ ಪುಸ್ತಕ ಕೇಳಬೇಡಿ. ಆ ಅವಧಿಯಲ್ಲಿ ತೆರೆದ ಹೊಸ ಕೋಡ್‌ಗಳ ಪ್ಯಾನ್‌ಗಳನ್ನು ಹಳೆಯವುಗಳ ಜೊತೆ ತಾಳೆ ಹಾಕಿ. ಒಂದು ಹೊಂದಿದರೂ, ಯಾರ ಅನುಮತಿಯ ಮೇಲೆ ತೆರೆದರು ಎಂಬಲ್ಲಿಂದ ಮತ್ತೆ ‘ಏಕೆ’ ಶುರು ಮಾಡಿ.